ಒಂದೇ ಬುಟ್ಟಿ, ಎರಡು ಲೆಕ್ಕ: ತರಕಾರಿ ಖರ್ಚಿನ ಜಗಳವೊಂದರ ಆಪ್ತಸಲಹೆ

(ಗುರುತು ಸಿಗಬಾರದೆಂದು ಕುಟುಂಬದ ವಿವರಗಳನ್ನು ಬದಲಾಯಿಸಿದ್ದೇನೆ.)

ಆಗಸ್ಟ್ ತಿಂಗಳ ಎರಡನೆಯ ವಾರದಲ್ಲಿ ನನ್ನ ಬಳಿಗೆ ಬಂದ ದಂಪತಿ ಮಡಿಕೇರಿಯಿಂದ ಕೆಲವೇ ಕಿಲೋಮೀಟರ್ ದೂರದ ಕಾಫಿ ತೋಟವೊಂದರಲ್ಲಿ ವಾಸಿಸುವವರು. ಪತಿ ತೋಟದಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದಾರೆ, ಪತ್ನಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ, ಇಬ್ಬರು ಮಕ್ಕಳಲ್ಲಿ ಹಿರಿಯವಳು ಒಂಬತ್ತನೆಯ ತರಗತಿಯಲ್ಲೂ ಕಿರಿಯವನು ನಾಲ್ಕನೆಯ ತರಗತಿಯಲ್ಲೂ ಓದುತ್ತಿದ್ದಾರೆ. ದಿನಸಿ ಅಂಗಡಿಯ ಸಾಲದ ಪುಸ್ತಕದಲ್ಲಿ ಪತ್ನಿ 1,600 ರೂಪಾಯಿ ಬರೆಸಿದ್ದು ಪತಿಯ ಕಣ್ಣಿಗೆ ಬಿದ್ದಿತ್ತು. ಅಂದಿನಿಂದ ಮಾತು ನಿಂತಿತ್ತು.

"ಮನೆ ಖರ್ಚಿಗೆ ತಿಂಗಳಿಗೆ 9,000 ಕೊಡುತ್ತೇನೆ, ಆ ಲೆಕ್ಕ ಇವಳೇ ಫೆಬ್ರವರಿಯಲ್ಲಿ ಬರೆದುಕೊಟ್ಟದ್ದು, ಈಗ ಅದು ಸಾಲುವುದಿಲ್ಲ ಎಂದರೆ ದುಡ್ಡು ಎಲ್ಲಿಗೆ ಹೋಯಿತು?" ಎಂಬುದು ಪತಿಯ ಪ್ರಶ್ನೆ. ಪತ್ನಿ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ನಂತರ, "ಲೆಕ್ಕ ನಾನೇ ಬರೆದದ್ದು ಮೇಡಂ, ಅದಕ್ಕೇ ಕೇಳಲು ನಾಚಿಕೆಯಾಯಿತು" ಎಂದರು. ಸಂಶಯ ಮತ್ತು ನಾಚಿಕೆ ಎರಡೂ ಒಂದೇ ಅಂಕಿಯಿಂದ ಹುಟ್ಟಿದ್ದರಿಂದ, ಸಂಬಂಧದ ಮಾತಿಗಿಂತ ಮೊದಲು ಆ ಅಂಕಿಯನ್ನೇ ಬಿಚ್ಚಿ ನೋಡುವುದು ಸರಿಯೆನಿಸಿತು.

ಫೆಬ್ರವರಿಯ ಚೀಟಿಯಲ್ಲಿ ನಾಲ್ಕು ಸಾಲುಗಳಿದ್ದವು. ಪಡಿತರದ ಅಕ್ಕಿಯನ್ನು ಬಿಟ್ಟು ದಿನಸಿಗೆ 4,600, ಹಾಲಿಗೆ 1,400, ಮೊಟ್ಟೆ, ಮೀನು ಮತ್ತು ಮಾಂಸಕ್ಕೆ 1,800, ತರಕಾರಿಗೆ 1,160. ಒಟ್ಟು 8,960 ಆಗುವುದರಿಂದ 9,000 ಎಂದು ಗುಂಡಾಗಿ ಮಾಡಿಕೊಂಡಿದ್ದರು. ಮೊದಲ ಮೂರು ಸಾಲುಗಳಲ್ಲಿ ಹೇಳಿಕೊಳ್ಳುವಂಥ ತಪ್ಪೇನೂ ಇರಲಿಲ್ಲ. ಬೇಳೆ, ಎಣ್ಣೆಗಳ ಬೆಲೆ ಏರಿದರೂ ಅದು ತಿಂಗಳುಗಳ ಮೇಲೆ ನಿಧಾನವಾಗಿ ಏರುತ್ತದೆ, ವಾರದಿಂದ ವಾರಕ್ಕೆ ದುಪ್ಪಟ್ಟಾಗುವುದಿಲ್ಲ. ತರಕಾರಿಯ ಸಾಲಿನಲ್ಲಿ ಮಾತ್ರ ಎರಡು ತಪ್ಪುಗಳು ಒಂದರ ಮೇಲೊಂದು ಕುಳಿತಿದ್ದವು.

ಅವುಗಳನ್ನು ತೋರಿಸಿಕೊಟ್ಟದ್ದು ಅವರ ಮನೆಯ ಕ್ಯಾಲೆಂಡರ್. ನಮ್ಮ ಕಡೆಯ ಬಹಳ ಮನೆಗಳಂತೆ ಅಲ್ಲಿಯೂ ಹಾಲಿನ ಲೆಕ್ಕ ಕ್ಯಾಲೆಂಡರಿನ ಚೌಕಗಳಲ್ಲೇ ಇರುತ್ತದೆ, ಮತ್ತು ಪ್ರತಿ ಶುಕ್ರವಾರದ ಚೌಕದಲ್ಲಿ ಮಡಿಕೇರಿ ಸಂತೆಗೆ ಕೊಟ್ಟ ಹಣವನ್ನು ಆಕೆ ಸಣ್ಣದಾಗಿ ಬರೆದಿಟ್ಟಿದ್ದರು. ಹಳೆಯ ವರ್ಷದ ಕ್ಯಾಲೆಂಡರನ್ನು ಎಸೆಯದೆ ಅದೇ ಮೊಳೆಗೆ ಹೊಸದನ್ನು ಮೇಲಿನಿಂದ ತೂಗುಹಾಕಿದ್ದರಿಂದ ಕಳೆದ ಆಗಸ್ಟಿನಿಂದ ಈ ಜುಲೈವರೆಗಿನ ಅಷ್ಟೂ ಸಂತೆಗಳು ಸಿಕ್ಕವು. ಮುಂದಿನ ಭೇಟಿಗೆ ಎರಡನ್ನೂ ತರಲು ಹೇಳಿದೆ. ಪತಿಯೇ ಸುರುಳಿ ಸುತ್ತಿ ಕೊಡೆಯೊಳಗೆ ಇಟ್ಟುಕೊಂಡು ತಂದರು.

ಫೆಬ್ರವರಿಯ ಶುಕ್ರವಾರಗಳಲ್ಲಿ 280, 300, 290, 290 ಎಂದಿತ್ತು, ಜುಲೈಯಲ್ಲಿ 540, 570, 590, 550, 550. ಮೊದಲ ತಪ್ಪು ಇಲ್ಲಿಯೇ ಕಾಣುತ್ತದೆ: ಜುಲೈಯಲ್ಲಿ ಐದು ಶುಕ್ರವಾರಗಳಿದ್ದವು. ತಿಂಗಳಿಗೆ ನಾಲ್ಕು ಸಂತೆ ಎಂದು ಹಿಡಿದರೆ ವರ್ಷಕ್ಕೆ 48 ಆಗುತ್ತದೆ, ಆದರೆ ವರ್ಷದಲ್ಲಿ ಇರುವುದು 52. ಲೆಕ್ಕದಲ್ಲಿಲ್ಲದ ಆ ನಾಲ್ಕು ಸಂತೆಗಳ ಹಣವನ್ನು ಮನೆಯವರು ಪ್ರತಿ ವರ್ಷವೂ ಎಲ್ಲಿಂದಲೋ ಹೊಂದಿಸುತ್ತಾರೆ, ಏಕೆ ಕೊರತೆಯಾಯಿತೆಂದು ಮಾತ್ರ ತಿಳಿಯುವುದಿಲ್ಲ.

ಎರಡನೆಯ ತಪ್ಪು ಇನ್ನೂ ದೊಡ್ಡದು. ವರ್ಷದಲ್ಲೇ ಅಗ್ಗವಾದ ಕಾಲವನ್ನು ನೋಡಿ ಇಡೀ ವರ್ಷದ ಅಂದಾಜು ಮಾಡಲಾಗಿತ್ತು. ಜನವರಿಯಿಂದ ಮಾರ್ಚ್‌ವರೆಗೆ ಬಯಲುಸೀಮೆಯಿಂದ ಕುಶಾಲನಗರದ ದಾರಿಯಾಗಿ ಬರುವ ಸರಕು ಧಾರಾಳವಾಗಿರುತ್ತದೆ. ಜೊತೆಗೆ ನಮ್ಮಲ್ಲೂ ಭತ್ತದ ಕುಯ್ಲು ಮುಗಿದ ಗದ್ದೆಗಳಲ್ಲಿ ಒಂದಿಷ್ಟು ತರಕಾರಿ ಬೆಳೆಯುತ್ತಾರೆ, ಶನಿವಾರಸಂತೆ ಎಂಬ ಊರಿನ ಕಡೆಯ ಹಸಿಮೆಣಸಿನಕಾಯಿ ಎಲ್ಲರಿಗೂ ಗೊತ್ತು. ಜೂನ್ ಬಂದರೆ ಗದ್ದೆಗಳೆಲ್ಲ ಮತ್ತೆ ಭತ್ತಕ್ಕೆ ಹೋಗುತ್ತವೆ, ಹಿತ್ತಲಿನ ಬೀನ್ಸ್, ಟೊಮೆಟೊ ಗಿಡಗಳು ಮಳೆಗೆ ಕೊಳೆಯುತ್ತವೆ, ಹೊರಗಿನಿಂದ ಬರುವ ಟೊಮೆಟೊದಲ್ಲಿ ದಾರಿಯಲ್ಲೇ ಹಾಳಾದ ಪಾಲಿನ ನಷ್ಟ ಉಳಿದದ್ದರ ಬೆಲೆಗೆ ಸೇರಿಕೊಳ್ಳುತ್ತದೆ. ಹಾಗಾಗಿ ಫೆಬ್ರವರಿಯ ಚೀಟಿ ಸುಳ್ಳಲ್ಲ. ಅದು ಫೆಬ್ರವರಿಗೆ ಮಾತ್ರ ನಿಜ.

ಆದರೂ ಪತಿಯ ಸಂಶಯಕ್ಕೆ ಇಷ್ಟರಿಂದ ಉತ್ತರ ಸಿಗಲಿಲ್ಲ, ಏಕೆಂದರೆ ಖರ್ಚು ಹೆಚ್ಚಿದ್ದು ಬೆಲೆಯಿಂದಲೋ ತಂದ ತೂಕದಿಂದಲೋ ಎಂಬುದು ಹಣವನ್ನಷ್ಟೇ ಬರೆದ ಕ್ಯಾಲೆಂಡರಿನಿಂದ ತಿಳಿಯುವುದಿಲ್ಲ. ಹಾಗಾಗಿ ಸಂತೆಯ ಬುಟ್ಟಿಯ ಬಗ್ಗೆ ಕೇಳಿದೆ. ಆಕೆ ಬೆರಳು ಮಡಚುತ್ತಾ ಹೇಳಿದರು: ಈರುಳ್ಳಿ ಒಂದೂವರೆ ಕಿಲೋ, ಟೊಮೆಟೊ ಒಂದೂವರೆ, ಆಲೂಗಡ್ಡೆ ಒಂದು, ಬೀನ್ಸ್ ಅರ್ಧ, ಕ್ಯಾರೆಟ್ ಅರ್ಧ, ಸೌತೆ, ಸೋರೆ, ಎಲೆಕೋಸಿನಂಥವು ಎರಡೂವರೆ, ಸೊಪ್ಪು ಎರಡು ಕಟ್ಟು, ಮೇಲೆ ಮೆಣಸಿನಕಾಯಿ, ಶುಂಠಿ, ಕೊತ್ತಂಬರಿ. ಸುಮಾರು ಎಂಟು ಕಿಲೋ. "ಅದೇ ವೈರ್ ಬುಟ್ಟಿ ಮೇಡಂ, ಅದಕ್ಕಿಂತ ಹೆಚ್ಚು ಹೊತ್ತುಕೊಂಡು ಬಸ್ಸು ಹತ್ತಲು ಆಗುವುದಿಲ್ಲ." ಅದೇ ಬುಟ್ಟಿಗೆ ಆಕೆಯ ನೆನಪಿನಲ್ಲಿದ್ದ ದರಗಳನ್ನು ಹಾಕಿ ನೋಡಿದಾಗ, ಟೊಮೆಟೊ 20ರಲ್ಲಿ, ಬೀನ್ಸ್ 50ರಲ್ಲಿ ಇದ್ದಾಗ 290 ಆಯಿತು; ಟೊಮೆಟೊ 80, ಬೀನ್ಸ್ 100 ಆದಾಗ 560. ಚೌಕಗಳಲ್ಲಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಪತಿ ಪೆನ್ನು ತೆಗೆದುಕೊಂಡು ತಾವೇ ಮತ್ತೊಮ್ಮೆ ಕೂಡಿದರು, ಆಮೇಲೆ ಸಾಲದ ಪುಸ್ತಕದ ಮಾತು ಎತ್ತಲಿಲ್ಲ.

ಅಂದಾಜನ್ನು ಹೊಸದಾಗಿ ಹೀಗೆ ಕಟ್ಟಿದೆವು. ಎರಡು ಕ್ಯಾಲೆಂಡರುಗಳ 52 ಸಂತೆಗಳನ್ನು ಮೂರು ಗುಂಪು ಮಾಡಿದಾಗ 290ರ ಆಸುಪಾಸಿನವು 14, 400ರ ಆಸುಪಾಸಿನವು 20, 560ರ ಆಸುಪಾಸಿನವು 18 ಬಂದವು. ಕೊನೆಯ ಗುಂಪಿನವೆಲ್ಲ ಜೂನ್‌ನಿಂದ ಅಕ್ಟೋಬರ್ ನಡುವಿನವು. ಮೂರನ್ನೂ ಗುಣಿಸಿ ಕೂಡಿದರೆ ವರ್ಷಕ್ಕೆ 22,140, ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1,845. ಅದನ್ನು 1,850 ಎಂದು ಇಟ್ಟುಕೊಂಡರೆ ಮನೆ ಖರ್ಚು 9,650 ಆಗುತ್ತದೆ. ಪತಿ ಭಯಪಟ್ಟಷ್ಟು ದೊಡ್ಡ ಏರಿಕೆಯೇನೂ ಅಲ್ಲ, ತಿಂಗಳಿಗೆ 650 ಅಷ್ಟೇ. ಆದರೆ ಈ 650ನ್ನು ಅಗ್ಗದ ತಿಂಗಳಿನಲ್ಲೂ ಕೊಡಬೇಕು ಮತ್ತು ಆಗ ಉಳಿದದ್ದನ್ನು ಮುಟ್ಟಬಾರದು. ಸರಾಸರಿ ಬಿದ್ದುಹೋಗುವುದು ಇಲ್ಲಿಯೇ. ಫೆಬ್ರವರಿಯಲ್ಲಿ ಉಳಿಯುವ ಸುಮಾರು 700 ರೂಪಾಯಿ ಉಳಿತಾಯದಂತೆ ಕಾಣುತ್ತದೆ, ಕುಯ್ಲಿನ ಕಾಲವಾದ್ದರಿಂದ ತೋಟದಲ್ಲಿ ಹೆಚ್ಚುವರಿ ಸಂಪಾದನೆಯೂ ಇರುತ್ತದೆ, ಕೈ ಸಡಿಲವಾಗುತ್ತದೆ. ವಾಸ್ತವದಲ್ಲಿ ಅದು ಜುಲೈಯ ಟೊಮೆಟೊಗೆ ಮುಂಚಿತವಾಗಿ ಕೊಟ್ಟ ಹಣ. ಹದಿನೆಂಟು ದುಬಾರಿ ವಾರಗಳನ್ನು ದಾಟಬೇಕಾದರೆ ಜೂನ್ ಆರಂಭಕ್ಕೆ ಸುಮಾರು 2,400 ರೂಪಾಯಿ ಕೈಯಲ್ಲಿರಬೇಕು. ಅಷ್ಟನ್ನೂ ತರಕಾರಿಗೆಂದೇ ಮೀಸಲಾದ ಡಬ್ಬಿಯೊಂದರಲ್ಲಿ ಕೂಡಿಡಲು ಹೇಳಿದೆ.

ಇವರ ಕಷ್ಟವೆಂದರೆ ಬಂದದ್ದೇ ಆಗಸ್ಟಿನಲ್ಲಿ, ಡಬ್ಬಿ ಬರಿದು, ದುಬಾರಿ ವಾರಗಳು ಇನ್ನೂ ಎಂಟು ಬಾಕಿ. ಸರಾಸರಿಯ ಪ್ರಕಾರ ವಾರಕ್ಕೆ ಸಿಗುವುದು 426, ಬೇಕಾಗುವುದು 560. ಈ 134ನ್ನು ಬುಟ್ಟಿಯಿಂದಲೇ ತೆಗೆಯಬೇಕಾಗಿತ್ತು, ಮಕ್ಕಳ ತಟ್ಟೆ ಬರಿದಾಗದಂತೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡುವುದು ನನಗೆ ಒಪ್ಪಿಗೆಯಿಲ್ಲದ ದಾರಿ. ಹಾಗೆ ಮಾಡಿದರೆ ಹೊಟ್ಟೆ ತುಂಬುವ ತರಕಾರಿಯೂ ಕಡಿಮೆಯಾಗುತ್ತದೆ, ಎರಡು ದಿನದಲ್ಲಿ ಪಕ್ಕದ ಅಂಗಡಿಯಿಂದ ಕಾಲು ಕಿಲೋ ಲೆಕ್ಕದಲ್ಲಿ ಹೆಚ್ಚು ಬೆಲೆಗೆ ತರಬೇಕಾಗುತ್ತದೆ. ಬದಲಿಗೆ, ಬೆಲೆ ಹೆಚ್ಚು ಕುಣಿಯುವ ಮೂರನ್ನು ಮಾತ್ರ ಮುಟ್ಟಿದೆವು. ಟೊಮೆಟೊವನ್ನು ಅರ್ಧ ಕಿಲೋಗೆ ಇಳಿಸಿ ಸಾರಿಗೆ ಹುಣಸೆಹುಳಿ ಹಾಕುವುದರಿಂದ ಹುಣಸೆಯ ಖರ್ಚು ಕಳೆದು 65 ಉಳಿಯುತ್ತದೆ. ಅರ್ಧ ಕಿಲೋ ಬೀನ್ಸಿನ ಬದಲು ಕಾಲು ಕಿಲೋ ಅಲಸಂದೆಕಾಳು ನೆನೆಸಿದರೆ 20 ಉಳಿಯುತ್ತದೆ, ತೂಕದಲ್ಲಿ ಅದು ದುಪ್ಪಟ್ಟಾಗಿ ಉಬ್ಬುವುದರಿಂದ ಪಲ್ಯಕ್ಕೆ ಕೊರತೆಯಿಲ್ಲ. ಕ್ಯಾರೆಟ್ ಬಿಟ್ಟು, ತೋಟದ ಕೆಲಸಗಾರರ ಸಾಲುಮನೆಯಾದ ಲೈನ್ ಮನೆಯ ಹಿಂದಿನ ಪಪ್ಪಾಯಿಕಾಯಿ ಬಳಸಿದರೆ 40. ಒಟ್ಟು 125; ಬಹುತೇಕ ಸರಿಹೋಯಿತು.

ಕೆಸ, ಎಳೆ ಬಿದಿರಿನ ಕಣಿಲೆ ಇರುವಾಗ ಮಳೆಗಾಲದಲ್ಲಿ ತರಕಾರಿಗೇಕೆ ಇಷ್ಟು ಹಣ ಎಂದು ಪತಿ ಕೇಳಿದರು. ಸಿಕ್ಕಾಗ ಖಂಡಿತ ತಿನ್ನಬೇಕು, ಕಣಿಲೆಯನ್ನು ಹೆಚ್ಚಿ ನೀರು ಬದಲಾಯಿಸುತ್ತಾ ನೆನೆಸಿಟ್ಟು ಬೇಯಿಸಬೇಕೆಂಬುದು ಅವರ ಮನೆಯಲ್ಲೂ ಗೊತ್ತಿತ್ತು. ಆದರೆ ಅಂದಾಜಿನಲ್ಲಿ ಅವುಗಳನ್ನು ಸೇರಿಸಬೇಡಿ ಎಂದೆ: ಈ ವಾರ ಸಿಕ್ಕದ್ದು ಮುಂದಿನ ವಾರ ಸಿಗುವುದಿಲ್ಲ, ಸಿಕ್ಕರೂ ನೆನೆಸಿ ಸೋಸುವ ಕೆಲಸ ಆಕೆಯ ಹೊಲಿಗೆಯ ಸಮಯವನ್ನು ತಿನ್ನುತ್ತದೆ. ಬೇಸಿಗೆಯಲ್ಲೇ ಒಂದು ಮೂಟೆ ಈರುಳ್ಳಿ ತಂದಿಡುವ ಅವರ ಇನ್ನೊಂದು ಸಲಹೆಯನ್ನೂ ತಡೆದೆ. ಮಡಿಕೇರಿಯ ಮಳೆಯ ತೇವಕ್ಕೆ ಈರುಳ್ಳಿ ಮೊಳೆತು ಕೊಳೆಯುತ್ತದೆ, ಕೈಯಲ್ಲಿ ಒತ್ತಿದಾಗ ಕುತ್ತಿಗೆ ಮೆತ್ತಗಾಗಿದ್ದರೆ ಉಳಿದವಕ್ಕೂ ತಗಲುವ ಮೊದಲು ತೆಗೆಯಬೇಕು. ಐದು ಕಿಲೋಗಿಂತ ಹೆಚ್ಚು ಇಡುವುದು ನಷ್ಟ. ಕೂಡಿಡಲೇಬೇಕೆಂದಿದ್ದರೆ ಮೇ ತಿಂಗಳಲ್ಲಿ ಬಲಿತ ಸಿಹಿಗುಂಬಳ ಮತ್ತು ಬಣ್ಣದ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗುಹಾಕಬಹುದು.

ಈ ಲೆಕ್ಕಕ್ಕೂ ಮಿತಿಯಿದೆ. 2023ರ ಜುಲೈಯಂತೆ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದರೆ ಹಿಂದಿನ ವರ್ಷದ ಸರಾಸರಿ ಏನನ್ನೂ ಹೇಳುವುದಿಲ್ಲ. ಅಂಥ ವಾರಗಳಿಗೆ ಒಂದು ನಿಯಮ ಬರೆದುಕೊಟ್ಟೆ: ಟೊಮೆಟೊ ಮತ್ತು ಬೀನ್ಸನ್ನು ತೂಕ ಹೇಳಿ ಕೊಳ್ಳಬೇಡಿ, ಹಣ ಹೇಳಿ ಕೊಳ್ಳಿ, 40 ರೂಪಾಯಿಗೆ ಎಷ್ಟು ಬರುತ್ತದೋ ಅಷ್ಟು, ಸೋರೆ, ಸೌತೆ, ಎಲೆಕೋಸನ್ನು ಮಾತ್ರ ಎಂದಿನ ತೂಕಕ್ಕೆ ಕಡಿಮೆಯಾಗದಂತೆ ತನ್ನಿ. ಶುಕ್ರವಾರದ ಚೌಕದಲ್ಲಿ ಇನ್ನು ಮುಂದೆ ಹಣದ ಕೆಳಗೆ ಕಿಲೋವನ್ನೂ ಬರೆಯಬೇಕು. ಹಣ ಏರಿ ಕಿಲೋ ನಿಂತಿದ್ದರೆ ಅದು ಮಾರುಕಟ್ಟೆಯ ಏರಿಕೆ, ಎರಡೂ ಏರಿದ್ದರೆ ಮನೆಯಲ್ಲಿ ಏನು ಬದಲಾಯಿತೆಂದು ನೋಡಬೇಕು.

ಅಂಗಡಿಯ 1,600ನ್ನು ನಾಲ್ಕು ಕಂತುಗಳಲ್ಲಿ ತೀರಿಸಲು ಪತಿ ಒಪ್ಪಿದರು, ಅದನ್ನು ಮನೆ ಖರ್ಚಿನಿಂದ ಕಳೆಯಕೂಡದೆಂಬ ಷರತ್ತಿನೊಂದಿಗೆ. ಮರುವರ್ಷ ಮೇ ಕೊನೆಯಲ್ಲಿ ಆಕೆ ಫೋನ್ ಮಾಡಿದಾಗ ಡಬ್ಬಿಯಲ್ಲಿ 1,950 ಇತ್ತು. ಮಗಳ ಶಾಲೆಯ ಪ್ರವಾಸಕ್ಕೆ 450 ತೆಗೆದಿದ್ದರು, ತೆಗೆದದ್ದನ್ನು ಕ್ಯಾಲೆಂಡರಿನಲ್ಲಿ ಪತಿಯೇ ಬರೆದಿದ್ದರು. ಆ ಕೊರತೆ ತುಂಬಲು ಜೂನ್ ಮೊದಲ ಸಂತೆಯಿಂದಲೇ ಟೊಮೆಟೊವನ್ನು ಅರ್ಧ ಕಿಲೋಗೆ ಇಳಿಸುವುದೋ, ಬೆಲೆ ಏರುವವರೆಗೆ ಕಾಯುವುದೋ ಎಂದು ಕೇಳಿದರು. 50 ದಾಟಿದ ವಾರದಿಂದ ಇಳಿಸಿ ಎಂದೆ.