ಎಲಿ ಮತ್ತು ಎಲ್ಲಿ: ಒತ್ತಕ್ಷರದ ಮಾತ್ರೆ ಎಲ್ಲಿ ಕೂರುತ್ತದೆ

“ನಾನು ಪುಣೆಯಲ್ಲಿ ಬೆಳೆದವಳು. ಮನೆಯಲ್ಲಿ ಮರಾಠಿ, ಹೊರಗೆ ಹಿಂದಿ. ಕೆಲಸಕ್ಕಾಗಿ ವಿಜಯಪುರಕ್ಕೆ ಬಂದು ಒಂದು ವರ್ಷವಾಯಿತು. ಕನ್ನಡ ಓದಲು, ಬರೆಯಲು ಕಲಿತಿದ್ದೇನೆ. ಆದರೆ ನಾನು ‘ಎಲ್ಲಿ’ ಅಂದರೆ ಅಂಗಡಿಯವರು ಎಲೆ ಕೊಡಲು ಬರುತ್ತಾರೆ. ಒತ್ತಿ ಹೇಳಿ ಅನ್ನುತ್ತಾರೆ. ಎಷ್ಟು ಒತ್ತಿದರೂ ಸರಿಹೋಗುತ್ತಿಲ್ಲ. ಒತ್ತಕ್ಷರವನ್ನು ಕೇಳಿ ಗುರುತಿಸುವುದು ಹೇಗೆ, ಹೇಳುವುದು ಹೇಗೆ?”

‘ಒತ್ತಿ ಹೇಳಿ’ ಎಂಬ ಸಲಹೆಯೇ ನಿಮ್ಮನ್ನು ದಾರಿ ತಪ್ಪಿಸುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಒತ್ತಕ್ಷರ ಎಂಬ ಹೆಸರಿನಲ್ಲಿ ಒತ್ತು ಇದೆ, ಆದರೆ ಉಚ್ಚಾರದಲ್ಲಿ ಇರುವುದು ಬಲವಲ್ಲ, ಕಾಲ. ನಾಲಿಗೆಯೋ ತುಟಿಯೋ ತನ್ನ ಜಾಗಕ್ಕೆ ಹೋಗಿ ಮುಟ್ಟಿ, ಕೂಡಲೇ ಬಿಡದೆ ಅಲ್ಲಿಯೇ ಸುಮಾರು ಎರಡು ಪಟ್ಟು ಹೊತ್ತು ನಿಂತು, ಆಮೇಲೆ ಬಿಡುತ್ತದೆ. ನಾನು ಬಾಗಲಕೋಟೆಯಲ್ಲಿ ಹೊರಗಿನಿಂದ ಬಂದ ನೌಕರರಿಗೆ ಬಹಳ ವರ್ಷಗಳಿಂದ ಮಾತಿನ ಕನ್ನಡ ಕಲಿಸುತ್ತಿದ್ದೇನೆ. ಬಲ ಹಾಕಿ ಹೇಳಲು ಹೋದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಕೆಲವರು ಉಸಿರನ್ನು ಜೋರಾಗಿ ಬಿಡುತ್ತಾರೆ, ಆಗ ‘ಕತ್ತೆ’ ಎನ್ನಲು ಹೋಗಿ ‘ಕಥೆ’ ಎಂದಾಗುತ್ತದೆ. ಉಳಿದವರು ಹಿಂದಿನ ಸ್ವರವನ್ನು ಎಳೆಯುತ್ತಾರೆ, ಆಗ ‘ಬಡ್ಡಿ’ ಹೋಗಿ ‘ಬಾಡಿ’ ಆಗುತ್ತದೆ. ನೀವು ಎರಡನೆಯ ಗುಂಪಿನವರಿರಬಹುದು ಎಂಬುದು ನನ್ನ ಊಹೆ. ಏಕೆಂದರೆ ಈ ತಪ್ಪಿಗೆ ಒಂದು ನಿಜವಾದ ಕಾರಣವಿದೆ, ಅದನ್ನು ತಿಳಿದರೆ ಪರಿಹಾರವೂ ಅಲ್ಲಿಯೇ ಸಿಗುತ್ತದೆ.

ಶಾಲೆಯಲ್ಲಿ ಛಂದಸ್ಸು ಓದಿದವರಿಗೆ ನೆನಪಿರುವ ನಿಯಮವೊಂದಿದೆ: ಒತ್ತಕ್ಷರದ ಹಿಂದಿನ ಅಕ್ಷರ ಗುರು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಈಗ ಬಡಿ, ಬಾಡಿ, ಬಡ್ಡಿ ಎಂಬ ಮೂರು ಪದಗಳನ್ನು ತೆಗೆದುಕೊಳ್ಳಿ. ಹೊಡೆ ಎಂಬ ಅರ್ಥದ ‘ಬಡಿ’ಯಲ್ಲಿ ಎರಡು ಲಘುಗಳು, ಒಟ್ಟು ಎರಡು ಮಾತ್ರೆ. ಹೂವು ಸೊರಗಿ ಎಂಬ ಅರ್ಥದ ‘ಬಾಡಿ’ಯಲ್ಲಿ ಒಂದು ಗುರು, ಒಂದು ಲಘು, ಒಟ್ಟು ಮೂರು. ಸಾಲದ ಮೇಲಿನ ‘ಬಡ್ಡಿ’ಯಲ್ಲಿಯೂ ಒಂದು ಗುರು, ಒಂದು ಲಘು, ಒಟ್ಟು ಮೂರೇ. ಹೊಸದಾಗಿ ಕಲಿಯುವವರ ಕಿವಿ ಮೂರು ಮಾತ್ರೆಯ ಉದ್ದವನ್ನು ಸರಿಯಾಗಿಯೇ ಹಿಡಿಯುತ್ತದೆ, ಆದರೆ ಹೆಚ್ಚಿನ ಆ ಒಂದು ಮಾತ್ರೆಯನ್ನು ಯಾರಿಗೆ ಕೊಡಬೇಕೆಂದು ಗೊತ್ತಾಗದೆ ಸ್ವರಕ್ಕೆ ಕೊಟ್ಟುಬಿಡುತ್ತದೆ. ‘ಬಾಡಿ’ಯಲ್ಲಿ ಆ ಮಾತ್ರೆ ಬಾಯಿ ತೆರೆದಿರುವಾಗ ಕಳೆಯುತ್ತದೆ, ‘ಬಡ್ಡಿ’ಯಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿರುವಾಗ ಕಳೆಯುತ್ತದೆ. ಅಡಿ, ಆಡಿ, ಅಡ್ಡಿ ಎಂಬ ಮೂರರಲ್ಲಿಯೂ ಇದೇ ಲೆಕ್ಕ. ಒಪ್ಪಿಗೆ ಸೂಚಿಸಲು ನಮ್ಮ ಕಡೆಯವರು ದಿನಕ್ಕೆ ಹತ್ತು ಸಲ ಹೇಳುವ ‘ಅಡ್ಡಿ ಇಲ್ಲ’ ಎಂಬ ಮಾತು ಇದಕ್ಕೆ ಒಳ್ಳೆಯ ಅಭ್ಯಾಸ.

ನಮ್ಮ ಲಿಪಿಯೂ ಇಲ್ಲಿ ಕಲಿಯುವವರಿಗೆ ನೆರವಾಗುವುದಿಲ್ಲ. ‘ಎಲ್ಲಿ’ ಎಂದು ಬರೆದಾಗ ಕಣ್ಣಿಗೆ ಕಾಣುವುದು ‘ಎ’ ಮತ್ತು ‘ಲ್ಲಿ’, ಅಂದರೆ ಒತ್ತು ಪೂರ್ತಿಯಾಗಿ ಎರಡನೆಯ ಅಕ್ಷರದ ಕೆಳಗೆ ಕೂತಿರುತ್ತದೆ. ಓದಿ ಕಲಿತವರು ಆದ್ದರಿಂದ ‘ಎ’ ಎಂದು ಮುಗಿಸಿ, ‘ಲ್ಲಿ’ ಎಂಬುದನ್ನು ಬಲವಾಗಿ ಹೇಳುತ್ತಾರೆ. ಬಾಯಿ ಮಾಡಬೇಕಾದದ್ದು ‘ಎಲ್’ ಮತ್ತು ‘ಲಿ’. ಮೊದಲ ಲ್ ಹಿಂದಿನ ಅಕ್ಷರವನ್ನು ಮುಚ್ಚಬೇಕು, ಎರಡನೆಯದು ಮುಂದಿನದನ್ನು ತೆರೆಯಬೇಕು, ನಡುವೆ ನಾಲಿಗೆ ಬಿಟ್ಟು ಮತ್ತೆ ಮುಟ್ಟಬಾರದು. ಓದುವಾಗ ಕೆಲವು ದಿನಗಳ ಮಟ್ಟಿಗೆ ಪುಸ್ತಕದಲ್ಲಿಯೇ ಪೆನ್ಸಿಲ್ಲಿನಿಂದ ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಗುರುವಿನ ಗುರುತು ಹಾಕಿಕೊಳ್ಳಿ. ಗಮನ ಒತ್ತಿನಿಂದ ಅದರ ಹಿಂದಕ್ಕೆ ಸರಿಯುತ್ತದೆ.

ನಿಮ್ಮ ಊರಿನಲ್ಲಿ ಈ ಕಷ್ಟ ಹೆಚ್ಚಾಗಲು ಇನ್ನೊಂದು ಕಾರಣವಿದೆ. ಪುಸ್ತಕದ ಕನ್ನಡದಲ್ಲಿ ‘ಎಲೆ’ ಮತ್ತು ‘ಎಲ್ಲಿ’ ಎಂಬ ಪದಗಳು ಕೊನೆಯ ಸ್ವರದಲ್ಲಿಯೂ ಬೇರೆಯಾಗಿವೆ, ಹೀಗಾಗಿ ಒತ್ತು ಸ್ವಲ್ಪ ಕಡಿಮೆಯಾದರೂ ಕೇಳುವವರು ಸರಿಪಡಿಸಿಕೊಳ್ಳುತ್ತಾರೆ. ನಮ್ಮ ಭಾಗದ ಮಾತಿನಲ್ಲಿ ಪದದ ಕೊನೆಯ ಎಕಾರ ಇಕಾರವಾಗುತ್ತದೆ: ಮನೆ ಮನಿಯಾಗುತ್ತದೆ, ಎಲೆ ಎಲಿಯಾಗುತ್ತದೆ. ಆಗ ‘ಎಲಿ’ಗೂ ‘ಎಲ್ಲಿ’ಗೂ ನಡುವೆ ಉಳಿಯುವ ವ್ಯತ್ಯಾಸ ಆ ಲಕಾರದ ಉದ್ದ ಮಾತ್ರ. ಅದೇ ರೀತಿ ‘ಕಡೆ’ ಎಂಬುದು ‘ಕಡಿ’ಯಾಗಿ ‘ಕಡ್ಡಿ’ಯ ಪಕ್ಕಕ್ಕೆ ಬಂದು ನಿಲ್ಲುತ್ತದೆ, ‘ಕತೆ’ ಎಂಬುದು ‘ಕತಿ’ಯಾಗಿ ‘ಕತ್ತಿ’ಯ ಪಕ್ಕಕ್ಕೆ. ಆ ‘ಕತ್ತಿ’ ನಮ್ಮಲ್ಲಿ ಆಯುಧವೂ ಹೌದು, ಕತ್ತೆಯೂ ಹೌದು.

ಒಂದು ಪ್ರಸಂಗವನ್ನು ವಿವರವಾಗಿ ಹೇಳುತ್ತೇನೆ. ನನ್ನಲ್ಲಿ ಕಲಿಯುತ್ತಿದ್ದ ಒಬ್ಬ ಯುವ ಅಧಿಕಾರಿ ನೇಕಾರರ ಸಾಲದ ಅರ್ಜಿಗಳನ್ನು ತುಂಬಿಸಿಕೊಳ್ಳಲು ಗುಳೇದಗುಡ್ಡಕ್ಕೆ ಹೋಗಿದ್ದರು. ಒಂದು ಮನೆಯಲ್ಲಿ ವಯಸ್ಸಾದ ತಾಯಿಯನ್ನು “ಅಮ್ಮಾರ, ಎಷ್ಟ ಮಗ್ಗ?” ಎಂದು ಕೇಳಬೇಕಾಗಿದ್ದಲ್ಲಿ ಅವರ ಬಾಯಿಂದ “ಎಷ್ಟ ಮಗ?” ಎಂದು ಬಂತು. ಆ ತಾಯಿ “ಒಬ್ಬನ ಅದಾನ್ರಿ” ಎಂದರು. ಇವರು ಮಗ್ಗಗಳ ಸಂಖ್ಯೆಯ ಮುಂದೆ ಒಂದು ಎಂದು ಬರೆದುಕೊಂಡು ಬಂದರು. ಒಳಗೆ ಎರಡು ಮಗ್ಗಗಳು ನಡೆಯುತ್ತಿದ್ದವು. ಮಗ ಸಂಜೆ ಬಂದು ಕೇಳಿದಾಗ ಅರ್ಜಿಯನ್ನು ಮತ್ತೆ ಬರೆಯಬೇಕಾಯಿತು. ಅವರು ನನ್ನಲ್ಲಿಗೆ ಬಂದು ಹೇಳಿದಾಗ ನಾನು ಎರಡು ವಿಷಯಗಳನ್ನು ತೋರಿಸಿದೆ. ಮೊದಲನೆಯದು, ತಪ್ಪು ಆಗಿದೆ ಎಂಬ ಸೂಚನೆ ಉತ್ತರದಲ್ಲಿಯೇ ಇತ್ತು: ವಸ್ತುವಾಗಿದ್ದರೆ ‘ಒಂದ ಐತಿ’ ಎನ್ನುತ್ತಿದ್ದರು, ‘ಒಬ್ಬನ ಅದಾನ’ ಎಂದದ್ದು ಮನುಷ್ಯನ ಕುರಿತು. ಎರಡನೆಯದು, ಅವರ ಗಕಾರದಲ್ಲಿ ನಾಲಿಗೆಯ ಹಿಂಭಾಗ ಮುಟ್ಟಿದ ಕೂಡಲೇ ಬಿಡುತ್ತಿತ್ತು. ‘ಮಗ್’ ಎಂದು ನಿಲ್ಲಿಸಿ, ಗಂಟಲಲ್ಲಿ ನಾದ ಇನ್ನೂ ಸಣ್ಣಗೆ ಗುನುಗುತ್ತಿರುವಾಗಲೇ ‘ಗ’ ಎಂದು ಬಿಡುವುದನ್ನು ಕಲಿಯಲು ಅವರಿಗೆ ನಾಲ್ಕು ದಿನ ಹಿಡಿಯಿತು. ಆ ನಾದ ನಿಂತುಹೋದರೆ ‘ಮಗ್ಗ’ ಎಂಬುದು ‘ಮಕ್ಕ’ ಎಂಬುದರ ಕಡೆಗೆ ವಾಲುತ್ತದೆ, ಆದ್ದರಿಂದ ಗ್ಗ, ಡ್ಡ, ದ್ದ, ಬ್ಬ ಇವುಗಳನ್ನು ಬೇಕಾದಷ್ಟು ಹೊತ್ತು ಹಿಡಿಯಲು ಆಗುವುದಿಲ್ಲ.

ಈ ಕಾರಣಕ್ಕೆ ನಾನು ಆರಂಭವನ್ನು ಯಾವಾಗಲೂ ಲ್ಲ, ನ್ನ, ಮ್ಮ ಇವುಗಳಿಂದ ಮಾಡಿಸುತ್ತೇನೆ. ಇವುಗಳಲ್ಲಿ ನಾಲಿಗೆ ಅಥವಾ ತುಟಿ ಮುಚ್ಚಿದ್ದಾಗಲೂ ಸದ್ದು ಹೊರಗೆ ಬರುತ್ತಿರುತ್ತದೆ, ಹಾಗಾಗಿ ಉದ್ದವನ್ನು ಕಿವಿಯಿಂದಲೇ ಅಳೆಯಬಹುದು. ‘ಎಲ್ಲಿ’ ಎನ್ನುವಾಗ ‘ಎಲ್…’ ಎಂದು ನಾಲಿಗೆಯ ತುದಿಯನ್ನು ಹಲ್ಲಿನ ಹಿಂದೆ ಹಿಡಿದುಕೊಂಡು ಸದ್ದನ್ನು ಎರಡು ಎಣಿಸುವಷ್ಟು ಎಳೆಯಿರಿ, ಆಮೇಲೆ ‘ಲಿ’ ಎಂದು ಬಿಡಿ. ನಂತರ ಎಳೆತವನ್ನು ಕ್ರಮವಾಗಿ ಕಡಿಮೆ ಮಾಡುತ್ತಾ ಮಾತಿನ ವೇಗಕ್ಕೆ ತನ್ನಿ. ಇದು ಕುದುರಿದ ಮೇಲೆ ತ್ತ, ಕ್ಕ, ಟ್ಟ, ಪ್ಪ. ಇವುಗಳಲ್ಲಿ ಹಿಡಿದಿರುವ ಹೊತ್ತು ಪೂರ್ತಿ ನಿಶ್ಶಬ್ದ, ಕೇಳಿಸುವುದು ಅದರ ಹಿಂದೆ ಥಟ್ಟನೆ ಕತ್ತರಿಸಿದ ಸ್ವರ ಮತ್ತು ತಡವಾಗಿ ಬರುವ ಬಿಡುಗಡೆ. ಇವುಗಳನ್ನು ಫೋನಿನಲ್ಲಿ ಧ್ವನಿಮುದ್ರಣ ಮಾಡಿ, ಅಲೆಗಳನ್ನು ತೋರಿಸುವ ಯಾವುದೇ ಆ್ಯಪಿನಲ್ಲಿ ನೋಡಿದರೆ ಆ ನಿಶ್ಶಬ್ದ ಬಯಲಿನಂತೆ ಕಣ್ಣಿಗೆ ಕಾಣುತ್ತದೆ. ‘ಕತಿ’ಯ ಬಯಲು ಚಿಕ್ಕದು, ‘ಕತ್ತಿ’ಯದು ದೊಡ್ಡದು. ಲ್ಲ, ನ್ನ ಇವುಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ, ಅಲ್ಲಿ ಅಲೆ ಮುರಿಯುವುದೇ ಇಲ್ಲ. ಕೊನೆಯಲ್ಲಿ ಡ್ಡ ಮತ್ತು ಳ್ಳ. ಎರಡು ಸ್ವರಗಳ ನಡುವಿನ ಒಂಟಿ ಡಕಾರ, ಳಕಾರಗಳಲ್ಲಿ ನಾಲಿಗೆಯ ತುದಿ ಮಡಚಿ ಹೋಗಿ ಸವರಿಕೊಂಡು ಬಂದಂತೆ ಇರುತ್ತದೆ, ಒತ್ತಿದ್ದಾಗ ಅದು ನಿಂತು ಅಂಟಿಕೊಳ್ಳುತ್ತದೆ. ಮರಾಠಿಯಲ್ಲಿ ಳಕಾರ ಇರುವುದರಿಂದ ‘ಹಳಿ’ ನಿಮಗೆ ಸುಲಭ, ‘ಹಳ್ಳಿ’ಯಲ್ಲಿ ಮಾತ್ರ ನಾಲಿಗೆಯನ್ನು ನಿಲ್ಲಿಸಬೇಕು.

ಕಿವಿಯ ವಿಷಯಕ್ಕೆ ಬಂದರೆ, ನಿಮ್ಮ ಕಿವಿಗೆ ಈ ಭೇದ ಹೊಸದಲ್ಲ. ಹಿಂದಿಯಲ್ಲಿ ವಿಳಾಸಕ್ಕೆ ‘ಪತಾ’, ಎಲೆಗೆ ‘ಪತ್ತಾ’ ಎನ್ನುವುದನ್ನು ನೀವು ಗೊಂದಲವಿಲ್ಲದೆ ಕೇಳುತ್ತೀರಿ, ಹೇಳುತ್ತೀರಿ. ಅವೆರಡನ್ನೂ ಒಂದಾದ ಮೇಲೆ ಒಂದು ಹೇಳಿ ನಾಲಿಗೆ ಏನು ಮಾಡುತ್ತದೆ ಎಂದು ಗಮನಿಸಿ, ಕೂಡಲೇ ‘ಕತಿ, ಕತ್ತಿ’ ಎನ್ನಿ. ಕೆಲಸ ಅದೇ. ಕನ್ನಡದಲ್ಲಿ ಕೊನೆಯ ಸ್ವರವೂ ಚಿಕ್ಕದಾಗಿ, ಮಾತಿನ ಓಟದಲ್ಲಿ ಮುಂದಿನ ಪದದೊಳಗೆ ಸೇರಿಹೋಗುವುದರಿಂದ ಹಿಡಿಯಲು ಸಿಗುವ ಸಮಯ ಕಡಿಮೆ, ಅಷ್ಟೇ.

ಕೇಳುವ ಅಭ್ಯಾಸವನ್ನು ಹೀಗೆ ಮಾಡಿ. ಎರಡು ಚೀಟಿಗಳ ಮೇಲೆ ‘ಬಣ’, ‘ಬಣ್ಣ’ ಎಂದು ಬರೆದು ಮುಂದಿಟ್ಟುಕೊಂಡು, ಅಕ್ಕಪಕ್ಕದ ಮನೆಯವರಲ್ಲಿ ಒಬ್ಬರಿಗೆ ಮನಸ್ಸಿಗೆ ಬಂದ ಕ್ರಮದಲ್ಲಿ ಇಪ್ಪತ್ತು ಸಲ ಹೇಳಲು ಕೇಳಿಕೊಳ್ಳಿ. ಅವರ ತುಟಿ ನೋಡದೆ ಚೀಟಿಯನ್ನು ಮುಟ್ಟುತ್ತಾ ಹೋಗಿ. ಏನೂ ಕೇಳಿಸದೆ ಊಹಿಸಿದರೂ ಹತ್ತರ ಸುಮಾರಿಗೆ ಸರಿ ಬರುತ್ತವೆ, ಆದ್ದರಿಂದ ಹದಿನಾರು, ಹದಿನೇಳು ಸರಿಯಾದರೆ ಮಾತ್ರ ಕಿವಿ ಹಿಡಿಯುತ್ತಿದೆ ಎಂದು ತಿಳಿಯಬೇಕು. ಆಮೇಲೆ ಪಾತ್ರ ಬದಲಾಯಿಸಿ, ನೀವು ಹೇಳಿ, ಅವರು ಚೀಟಿ ಮುಟ್ಟಲಿ. ನಿಮ್ಮ ಉಚ್ಚಾರಕ್ಕೆ ಅವರ ಬೆರಳೇ ತೀರ್ಪು. ‘ಚೊಲೋ ಹೇಳ್ತೀರಿ’ ಎಂಬ ಅವರ ಬಾಯಿಮಾತನ್ನು ನಂಬಬೇಡಿ, ನಮ್ಮ ಜನ ಪರಊರಿನವರ ಮನಸ್ಸು ನೋಯಿಸುವುದಿಲ್ಲ.

ಒಂಟಿ ಪದಗಳಲ್ಲಿಯೇ ನಿಲ್ಲಬೇಡಿ. ವೇಗವಾಗಿ ಮಾತನಾಡುವವರ ಒತ್ತಕ್ಷರ, ನಿಧಾನವಾಗಿ ಮಾತನಾಡುವವರ ಒಂಟಿ ಅಕ್ಷರದಷ್ಟೇ ಹೊತ್ತು ಇರಬಹುದು. ಕಿವಿ ಅದನ್ನು ಅಕ್ಕಪಕ್ಕದ ಸ್ವರಗಳೊಂದಿಗೆ ತೂಗಿ ನೋಡುತ್ತದೆ. ಆದ್ದರಿಂದ ವಾಕ್ಯದೊಳಗೆ ಕೇಳಬೇಕು, ವಾಕ್ಯದೊಳಗೆ ಹೇಳಬೇಕು. ನಮ್ಮಲ್ಲಿ ‘ಎಲಿ ಐತಿ’ ಎಂಬುದು ಓಟದಲ್ಲಿ ‘ಎಲೈತಿ’ ಆಗುತ್ತದೆ, ‘ಎಲ್ಲಿ ಐತಿ’ ಎಂಬುದು ‘ಎಲ್ಲೈತಿ’. ಇಕಾರ ಕಳೆದುಹೋದರೂ ಒತ್ತು ಹೋಗುವುದಿಲ್ಲ.

ಎರಡು ವಾರದ ನಂತರ ಅದೇ ಅಂಗಡಿಗೆ ಹೋಗಿ “ಅಣ್ಣಾರ, ಎಲಿ ಎಲ್ಲಿ ಅದಾವ್ರಿ?” ಎಂದು ಸಹಜ ವೇಗದಲ್ಲಿ ಕೇಳಿ. ಅವರು ಬುಟ್ಟಿಯ ಕಡೆಗೆ ಬೆರಳು ತೋರಿಸಿದರೆ ಎರಡೂ ಲಕಾರಗಳು ಸರಿಯಾಗಿವೆ. “ಎಷ್ಟ ಎಲಿ ಬೇಕ್ರಿ?” ಎಂದರೆ ಎರಡನೆಯ ಲಕಾರದಲ್ಲಿ ನಾಲಿಗೆ ಬೇಗ ಬಿಟ್ಟಿದೆ.