ಕಾರ್ಟ್ರಿಡ್ಜ್ ಕಂದು ಬಣ್ಣಕ್ಕೆ ತಿರುಗಿದರೆ ಗಡಸುತನ ಹೋಯಿತು ಅಂತಲ್ಲ

*ಬೆಂಗಳೂರಿನಲ್ಲಿ ಬಾಡಿಗೆ ಮನೆ, ಬೋರ್‌ವೆಲ್ ನೀರು. ಕೂದಲು ಒರಟಾಗಿ ಉದುರುತ್ತಿದೆ. ಶವರ್ ಫಿಲ್ಟರ್ ಹಾಕಿಸಿದರೆ ಕ್ಲೋರಿನ್, ಗಡಸುತನ ಎರಡೂ ಹೋಗುತ್ತವಾ? ಕಾರ್ಟ್ರಿಡ್ಜ್ ಎಷ್ಟು ತಿಂಗಳಿಗೊಮ್ಮೆ ಬದಲಾಯಿಸಬೇಕು?*

ದಯವಿಟ್ಟು ಇನ್ನೂ ಕೊಳ್ಳಬೇಡಿ. ಸರ್ಜಾಪುರ ರಸ್ತೆಯ ಕಡೆ ನಾವಿದ್ದ ಮನೆಗೂ ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ನಲ್ಲಿ ಬಾಯಲ್ಲೆಲ್ಲ ಬಿಳಿ ಕರೆ. ನಾನೂ ಇದೇ ಯೋಚನೆ ಮಾಡಿ, ಡಬ್ಬಿಯ ಮೇಲೆ 'ಹಾರ್ಡ್ ವಾಟರ್' ಅಂತ ದೊಡ್ಡದಾಗಿ ಬರೆದಿದ್ದ ಫಿಲ್ಟರ್ ತಂದೆ. ಒಂದೂವರೆ ವರ್ಷ ಅದಕ್ಕೆ ಕಾರ್ಟ್ರಿಡ್ಜ್ ಹಾಕಿಸುತ್ತಲೇ ಇದ್ದೆ.

ನಾನು ತಪ್ಪಿದ್ದು ಒಂದೇ ಕಡೆ. ಬಿಚ್ಚಿದಾಗೆಲ್ಲ ಕಾರ್ಟ್ರಿಡ್ಜಿನ ಬಿಳಿ ಹತ್ತಿ ಪದರ ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು, ಮುಟ್ಟಿದರೆ ಲೋಳೆ ಲೋಳೆ. ಇಷ್ಟು ಗಡಸು ಹಿಡಿದಿದೆ ಅಂತ ನಂಬಿಬಿಟ್ಟೆ. ಅದು ಗಡಸು ಅಲ್ಲವೇ ಅಲ್ಲ. ಅದು ಮಣ್ಣು, ಪೈಪಿನ ತುಕ್ಕು, ನೀರಿನಲ್ಲಿರುವ ಕಬ್ಬಿಣ. ಗಡಸುತನ ಅಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ. ಸಕ್ಕರೆ ಕರಗಿದ ನೀರನ್ನು ಬಟ್ಟೆಯಲ್ಲಿ ಸೋಸಿದರೆ ಸಿಹಿ ಹೋಗುತ್ತಾ? ಹಾಗೇ ಇದೂ. ಕಣ್ಣಿಗೆ ಕಾಣುವ ಕೊಳೆಗೂ ಇದಕ್ಕೂ ಸಂಬಂಧವೇ ಇಲ್ಲ.

ನಮ್ಮ ಅಪಾರ್ಟ್‌ಮೆಂಟಿನ ನೀರಿನ ಪ್ಲಾಂಟ್ ನೋಡಿಕೊಳ್ಳುತ್ತಿದ್ದ ಹುಡುಗನ ಹತ್ತಿರ ಹನಿ ಹಾಕಿ ನೋಡುವ ಹಾರ್ಡ್‌ನೆಸ್ ಕಿಟ್ ಇತ್ತು. ಫಿಲ್ಟರ್‌ಗೆ ಮುಂಚಿನ ನೀರು ಒಂದು ಶೀಶೆಯಲ್ಲಿ, ಫಿಲ್ಟರ್ ಆದ ನೀರು ಇನ್ನೊಂದರಲ್ಲಿ ಹಿಡಿದ. ಬಣ್ಣದ ಪುಡಿ ಹಾಕಿದರೆ ಎರಡೂ ದ್ರಾಕ್ಷಿ ರಸದ ಹಾಗೆ ಕೆಂಪಾದವು. ಆಮೇಲೆ ಇನ್ನೊಂದು ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟ. ಕೆಂಪು ಹೋಗಿ ನೀಲಿಯಾಗಲು ಎಷ್ಟು ಹನಿ ಬೇಕೋ ಅಷ್ಟು ಗಡಸು. ಎರಡು ಶೀಶೆಗೂ ಅಷ್ಟೇ ಹನಿ ಬೇಕಾಯಿತು. "ಮೇಡಂ, ನೀರು ಹಾಗೇ ಇದೆ" ಅಂದ. ಲೀಟರಿಗೆ ಸುಮಾರು 500 ಮಿಲಿಗ್ರಾಂ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡದಲ್ಲಿ 200ರ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸರಿ.

ಒಳಗೆ ಮೆದು ಮಾಡುವ ರೆಸಿನ್ ಇದೆಯಲ್ಲ ಅಂತ ಅಂಗಡಿಯವರು ಹೇಳಬಹುದು. ಲೆಕ್ಕ ಹಾಕಿ ನೋಡಿ. 500 ಅಂದರೆ ಲೀಟರಿಗೆ ಅರ್ಧ ಗ್ರಾಂ. ಒಂದು ಸ್ನಾನಕ್ಕೆ 60 ಲೀಟರ್ ಆದರೆ 30 ಗ್ರಾಂ. ಕಾರ್ಟ್ರಿಡ್ಜಿನಲ್ಲಿ 100 ಮಿಲಿ ರೆಸಿನ್ ಇದ್ದರೂ ಅದು ಹಿಡಿಯುವುದು ಹೆಚ್ಚೆಂದರೆ 10 ಗ್ರಾಂ. ಅಂದರೆ 20 ಲೀಟರ್, ಒಂದು ಬಕೆಟ್ ನೀರಿಗೇ ಮುಗಿಯಿತು. ನೀರಿನಲ್ಲಿ ಕರಗಿರುವುದೆಲ್ಲ ಒಟ್ಟು ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರ್ ಅದ್ದಿ ತೋರಿಸಿದರೂ ನಂಬಬೇಡಿ. ನಿಜವಾಗಿ ಕೆಲಸ ಮಾಡುವ ಸಾಫ್ಟ್‌ನರ್ ಕೂಡ ಟಿಡಿಎಸ್ ಇಳಿಸುವುದಿಲ್ಲ. ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ, ಅಷ್ಟೇ.

ಇನ್ನು ಕ್ಲೋರಿನ್. ಶವರ್ ಫಿಲ್ಟರ್ ಇದನ್ನು ನಿಜವಾಗಿಯೂ ತೆಗೆಯುತ್ತದೆ. ಶವರ್ ಫಿಲ್ಟರ್‌ಗೆಂದೇ ಇರುವ ಎನ್‌ಎಸ್‌ಎಫ್ 177 ಪ್ರಮಾಣಪತ್ರ ಕೊಡುವುದೂ ಕ್ಲೋರಿನ್ ಇಳಿಸುವುದಕ್ಕೆ, ಗಡಸಿಗಲ್ಲ. ಬಿಸಿನೀರಿಗೆ ಕ್ಯಾಲ್ಸಿಯಂ ಸಲ್ಫೈಟ್ ಅಥವಾ ತಾಮ್ರ-ಸತುವಿನ ಕೆಡಿಎಫ್ ಇರುವುದು ವಾಸಿ. ರಭಸವಾಗಿ ಹರಿಯುವ ಬಿಸಿನೀರಿನಲ್ಲಿ ಬರೀ ಇದ್ದಿಲು ಅಷ್ಟು ಕೆಲಸ ಮಾಡುವುದಿಲ್ಲ. ಆದರೆ ಬೋರ್ ನೀರಿಗೆ ಯಾರಾದರೂ ಕ್ಲೋರಿನ್ ಹಾಕಿದ್ದರೆ ತಾನೇ ಅದು ಇರುವುದು! ಈಜುಕೊಳದವರು ಬಳಸುವ ಹಳದಿ ಬಣ್ಣದ ಕ್ಲೋರಿನ್ ಕಿಟ್ ತಂದು ಬಾತ್‌ರೂಮಿನ ನಲ್ಲಿ ನೀರಿಗೆ ಹನಿ ಹಾಕಿ. ಹಳದಿ ಬರದಿದ್ದರೆ ಫಿಲ್ಟರ್‌ಗೆ ಅಲ್ಲಿ ಕೆಲಸವೇ ಇಲ್ಲ. ಕಾವೇರಿ ನೀರಾದರೂ ಸಂಪಿನಲ್ಲಿ, ಮೇಲಿನ ಟ್ಯಾಂಕಿನಲ್ಲಿ ನಿಂತು ಕ್ಲೋರಿನ್ ತುಂಬಾ ಇಳಿದಿರುತ್ತದೆ.

ಕ್ಲೋರಿನ್ ಇದ್ದರೆ ಕಾರ್ಟ್ರಿಡ್ಜನ್ನು ತಿಂಗಳ ಲೆಕ್ಕದಲ್ಲಿ ಬದಲಾಯಿಸಬೇಡಿ, ಲೀಟರ್ ಲೆಕ್ಕ ನೋಡಿ. ಡಬ್ಬಿಯ ಮೇಲೆ 10,000 ಲೀಟರ್ ಅಂತಿದ್ದರೆ, ನಾಲ್ಕು ಜನ ದಿನಕ್ಕೆ 240 ಲೀಟರ್ ಬಳಸುವ ಮನೆಯಲ್ಲಿ ಆರು ವಾರಕ್ಕೇ ಮುಗಿಯುತ್ತದೆ. ಒಬ್ಬರೇ ಇದ್ದರೆ ಐದಾರು ತಿಂಗಳು ಬರುತ್ತದೆ. ನೀರಿನ ರಭಸ ಕಡಿಮೆಯಾದರೆ ಮಣ್ಣು ಕಟ್ಟಿಕೊಂಡಿದೆ ಅಂತರ್ಥ. ಕ್ಲೋರಿನ್ ಹಿಡಿಯುವ ಶಕ್ತಿ ಮುಗಿದಿದ್ದು ಗೊತ್ತಾಗುವುದು ಶವರ್‌ನಿಂದ ಬಂದ ನೀರಿಗೆ ಹನಿ ಹಾಕಿದಾಗ ಹಳದಿ ಬಂದರೆ ಮಾತ್ರ.

ನಿಮ್ಮ ತೊಂದರೆ ಗಡಸಿನದು ಅನಿಸುತ್ತದೆ. ಕಿಟ್ ಇಲ್ಲದಿದ್ದರೆ ಬಾಟಲಿಯಲ್ಲಿ ನಿಮ್ಮ ನಲ್ಲಿ ನೀರು ಹಿಡಿದು, ಬಾರ್ ಸೋಪನ್ನು ಕೆರೆದು ಹಾಕಿ ಕುಲುಕಿ. ನೊರೆ ಬರದೆ ಮೊಸರು ಒಡೆದ ಹಾಗೆ ಬಿಳಿ ಚೂರು ತೇಲಿದರೆ ಗಡಸೇ. ಅದಕ್ಕೆ ಬೇಕಾಗಿರುವುದು ಉಪ್ಪು ಹಾಕಿ ಮತ್ತೆ ಮತ್ತೆ ತೊಳೆಯುವ ಸಾಫ್ಟ್‌ನರ್. ಟ್ಯಾಂಕಿನಿಂದ ಇಳಿಯುವ ಲೈನಿಗೆ ಹಾಕಿಸಲು ಓನರ್ ಹತ್ತಿರ ಮಾತಾಡಿ. ಒಪ್ಪದಿದ್ದರೆ ತಲೆಗೆ ಕೊನೆಯ ನಾಲ್ಕು ಚೊಂಬು ಮಾತ್ರ ಕಾವೇರಿ ನೀರೋ ಮಳೆ ನೀರೋ ಹಾಕಿಕೊಳ್ಳಿ. ನಾನು ಈಗ ಮಾಡುತ್ತಿರುವುದು ಇದೇ, ಕೂದಲಿನ ಒರಟು ಕಡಿಮೆಯಾಗಿದೆ. ಬುಡದಿಂದಲೇ ಜಾಸ್ತಿ ಉದುರುತ್ತಿದ್ದರೆ ನೀರನ್ನು ಬೈಯುತ್ತಾ ಕೂರಬೇಡಿ, ಚರ್ಮದ ಡಾಕ್ಟರ್‌ಗೆ ತೋರಿಸಿ.