ಬ್ಯಾಂಕ್ ಹಿಡಿದ ಟಿಸಿಎಸ್ ಯಾರ ಪ್ಯಾನ್‌ಗೆ ಹೋಗಿದೆ, ಮೊದಲು ಅದನ್ನು ನೋಡಿ

ಪ್ರಶ್ನೆ: ನಾವು ಉಡುಪಿಯವರು. ಮಗಳು ಡಬ್ಲಿನ್‌ನಲ್ಲಿ ಎಂ.ಎಸ್. ಓದ್ತಿದ್ದಾಳೆ. 2025ರ ಜುಲೈಯಲ್ಲಿ ನನ್ನ ಖಾತೆಯಿಂದ 9 ಲಕ್ಷ ಫೀಸು ಕಟ್ಟಿದೆ, ಟಿಸಿಎಸ್ ಹಿಡಿಯಲಿಲ್ಲ. ಸೆಪ್ಟೆಂಬರ್‌ನಲ್ಲಿ ಅವಳ ಖರ್ಚಿಗೆ 6 ಲಕ್ಷ ಕಳಿಸಿದಾಗ 1 ಲಕ್ಷ ಹಿಡಿದರು. ಡಿಸೆಂಬರ್‌ನಲ್ಲಿ ನಾವಿಬ್ಬರೂ ಹೋಗುವಾಗ ಫಾರೆಕ್ಸ್ ಕಾರ್ಡ್‌ಗೆ ಒಂದೂವರೆ ಲಕ್ಷ ಹಾಕಿಸಿದೆ, ಅದಕ್ಕೆ 30 ಸಾವಿರ ಹಿಡಿದರು. ಅಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿದ್ದಕ್ಕೆ ಏನೂ ಇಲ್ಲ. ಈ ದುಡ್ಡು ವಾಪಸ್ ಬರುತ್ತಾ? ಹೇಗೆ?

ಬರುತ್ತೆ, ಪೂರ್ತಿ ಬರುತ್ತೆ. ಹೊರದೇಶಕ್ಕೆ ಹಣ ಕಳಿಸುವಾಗ ಬ್ಯಾಂಕ್ ಹಿಡಿದು, ನಿಮ್ಮ ಹೆಸರಲ್ಲಿ ಸರ್ಕಾರಕ್ಕೆ ಮುಂಗಡ ಕಟ್ಟಿದ ತೆರಿಗೆಯೇ ಟಿಸಿಎಸ್. ಆದರೆ ತಾನಾಗಿ ಬರೋದಿಲ್ಲ. ಯಾರ ಪ್ಯಾನ್‌ನಲ್ಲಿ ಹಿಡಿದಿದ್ದಾರೋ ಅವರೇ ರಿಟರ್ನ್ ಹಾಕಿ ಕೇಳಬೇಕು.

ನೀವು 1 ಲಕ್ಷ ಅಂದ ಕೂಡಲೇ ಬ್ಯಾಂಕಲ್ಲಿ ಏನಾಗಿದೆ ಅಂತ ಗೊತ್ತಾಯಿತು. 2025-26ರಲ್ಲಿ ಒಬ್ಬರ ಪ್ಯಾನ್‌ಗೆ ವರ್ಷಕ್ಕೆ 10 ಲಕ್ಷದವರೆಗೆ ಟಿಸಿಎಸ್ ಇರಲಿಲ್ಲ. ಈ 10 ಲಕ್ಷ ಎಲ್ಲ ಉದ್ದೇಶಕ್ಕೂ ಸೇರಿ ಒಂದೇ, ಎಲ್ಲ ಬ್ಯಾಂಕ್‌ಗಳಿಗೂ ಸೇರಿ ಒಂದೇ. ಜುಲೈಯ 9 ಲಕ್ಷ ಅದರೊಳಗೆ ಬಂತು. ಸೆಪ್ಟೆಂಬರ್‌ನ 6 ಲಕ್ಷದಲ್ಲಿ ಒಂದು ಲಕ್ಷ ಮಿತಿಯೊಳಗೆ, ಉಳಿದ 5 ಲಕ್ಷ ಮಿತಿಯ ಮೇಲೆ. ಅದನ್ನು ಓದಿನ ಲೆಕ್ಕಕ್ಕೆ ಹಾಕಿದ್ದರೆ ದರ 5%, ಅಂದರೆ 25 ಸಾವಿರ. ನಿಮಗೆ ಬಿದ್ದದ್ದು 20%. ಅಂದರೆ ಹೊರದೇಶಕ್ಕೆ ಹಣ ಕಳಿಸುವಾಗ ಬ್ಯಾಂಕಲ್ಲಿ ತುಂಬುವ ಎ2 ಫಾರಂನಲ್ಲಿ ಉದ್ದೇಶದ ಕೋಡ್ ಓದಿನದ್ದಲ್ಲ, ಬೇರೆ ಯಾವುದೋ ಇದೆ. ಮಗಳ ಖಾತೆಗೆ ನೇರ ಕಳಿಸಿದಾಗ ಕೌಂಟರ್‌ನಲ್ಲಿದ್ದವರು ಸಾಮಾನ್ಯವಾಗಿ ಕುಟುಂಬ ನಿರ್ವಹಣೆ ಅಂತ `S1301` ಒತ್ತಿಬಿಡುತ್ತಾರೆ. ಓದಿನ ಕೋಡ್ `S0305`. ಕಾಲೇಜಿಗೆ ನೇರ ಹೋಗುವ ಫೀಸು ಮಾತ್ರ ಓದಿನ ಖರ್ಚು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. 2023ರ ಜೂನ್ 30ರ ಸುತ್ತೋಲೆಯಲ್ಲಿ ನೇರ ತೆರಿಗೆ ಮಂಡಳಿ ಇದನ್ನು ಬಿಡಿಸಿ ಹೇಳಿದೆ. ವಿದ್ಯಾರ್ಥಿಯ ವಿಮಾನದ ಟಿಕೆಟು, ಅಲ್ಲಿನ ದಿನದ ಖರ್ಚು, ಎಲ್ಲ ಓದಿನ ಲೆಕ್ಕಕ್ಕೇ ಬರುತ್ತೆ.

ಹಾಗಂತ ಈಗ ಬ್ಯಾಂಕಿಗೆ ಹೋಗಿ ಜಗಳ ಆಡಬೇಡಿ ಮಾರಾಯ್ರೆ. ಹಿಡಿದ ಹಣವನ್ನು ಅವರು ಆಗಲೇ ಸರ್ಕಾರಕ್ಕೆ ಕಟ್ಟಿಯಾಗಿದೆ, ನಿಮ್ಮ ಖಾತೆಗೆ ವಾಪಸ್ ಹಾಕಲು ಅವರ ಕೈಯಲ್ಲಿ ಇಲ್ಲ. 25 ಸಾವಿರ ಹಿಡಿದಿದ್ದರೂ 1 ಲಕ್ಷ ಹಿಡಿದಿದ್ದರೂ ಪೂರ್ತಿ ಕ್ರೆಡಿಟ್ ನಿಮ್ಮದೇ. ತಪ್ಪು ಕೋಡ್‌ನಿಂದ ನಿಮಗಾದ ನಷ್ಟ ಅಂದರೆ 75 ಸಾವಿರ ಹೆಚ್ಚಿಗೆ ಹತ್ತು ತಿಂಗಳು ಸುಮ್ನೆ ಸಿಕ್ಕಿಹಾಕಿಕೊಂಡದ್ದು.

ಫಾರೆಕ್ಸ್ ಕಾರ್ಡ್‌ಗೆ ಹಿಡಿದದ್ದು ಸರಿಯೇ ಇದೆ. ಪ್ರವಾಸಕ್ಕೆ ತುಂಬಿಸಿದ ಕಾರ್ಡು ಓದಿನ ಖರ್ಚಲ್ಲ, ನಿಮ್ಮ 10 ಲಕ್ಷ ಆಗಲೇ ಮುಗಿದಿತ್ತು, ಹಾಗಾಗಿ ಒಂದೂವರೆ ಲಕ್ಷಕ್ಕೂ 20%. ಇಲ್ಲೊಂದು ಉಪಾಯ ಇತ್ತು. ನಿಮ್ಮ ಹೆಂಡತಿಯವರ ಪ್ಯಾನ್‌ಗೆ ಬೇರೆಯೇ 10 ಲಕ್ಷ ಇದೆ. ಅವರ ಖಾತೆಯಿಂದ, ಅವರ ಹೆಸರಲ್ಲಿ ಕಾರ್ಡ್ ಮಾಡಿಸಿದ್ದರೆ ಒಂದು ಪೈಸೆ ಹಿಡಿಯುತ್ತಿರಲಿಲ್ಲ. ಅಲ್ಲಿ ಹೋಗಿ ಕ್ರೆಡಿಟ್ ಕಾರ್ಡ್ ಉಜ್ಜಿದ್ದು ಈ ಲೆಕ್ಕಕ್ಕೆ ಸೇರೋದಿಲ್ಲ. 2023ರ ಮೇ ತಿಂಗಳಲ್ಲಿ ಸೇರಿಸಲು ಹೊರಟಿದ್ದರು, ಗಲಾಟೆ ಆಯಿತು, ಜೂನ್ 28ರಂದು ಅದನ್ನು ಮುಂದೂಡಿದರು. ಅಂದಿನಿಂದ ಹಾಗೇ ಇದೆ. ಡೆಬಿಟ್ ಕಾರ್ಡ್ ಮಾತ್ರ ಫಾರೆಕ್ಸ್ ಕಾರ್ಡ್‌ನ ಹಾಗೆಯೇ ಸೇರುತ್ತೆ.

ಸ್ಟೇಟ್‌ಮೆಂಟ್ ತೆಗೆದಾಗ ಒಂದು ವಿಷಯ ಗಮನಿಸಿ. ಟಿಸಿಎಸ್ ಸಾಲಿನ ಪಕ್ಕದಲ್ಲೇ ಕರೆನ್ಸಿ ಬದಲಾವಣೆಗೆ ಹಾಕಿದ ಜಿಎಸ್‌ಟಿ, ಬ್ಯಾಂಕ್ ಚಾರ್ಜು ಅಂತ ಸಣ್ಣ ಸಾಲುಗಳಿರುತ್ತವೆ. ಅವು ಹೋದ ದುಡ್ಡು, ವಾಪಸ್ ಕೇಳುವ ಹಾಗಿಲ್ಲ. ಕೆಲವರು ಎಲ್ಲ ಕೂಡಿಸಿ ಕ್ಲೇಮ್ ಮಾಡಿ ಆಮೇಲೆ ತಾಳೆ ಆಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ.

ಈಗ ಮಾಡಬೇಕಾದ್ದು ಹೇಳ್ತೇನೆ. ಆದಾಯ ತೆರಿಗೆಯ ಪೋರ್ಟಲ್‌ಗೆ ನಿಮ್ಮ ಪ್ಯಾನ್‌ನಲ್ಲಿ ಲಾಗಿನ್ ಆಗಿ `e-File`, ಅದರಲ್ಲಿ `Income Tax Returns`, ಅದರಲ್ಲಿ `View Form 26AS` ಒತ್ತಿ. ನಿಮ್ಮ ಪ್ಯಾನ್‌ನಲ್ಲಿ ಹಿಡಿದ ತೆರಿಗೆಯ ಪಟ್ಟಿ ಅದು. ಟ್ರೇಸಸ್ ಎನ್ನುವ ಇನ್ನೊಂದು ತಾಣಕ್ಕೆ ಹೋಗುತ್ತೆ. ಅಸೆಸ್‌ಮೆಂಟ್ ವರ್ಷ 2026-27 ಆರಿಸಿ. ಕೆಳಗೆ ಹೋದರೆ ಟಿಸಿಎಸ್‌ಗೇ ಬೇರೆ ಭಾಗ ಇದೆ. ಟಿಡಿಎಸ್ ಭಾಗದಲ್ಲಿ ಹುಡುಕಿ ಇಲ್ಲ ಅಂದುಕೊಳ್ಳಬೇಡಿ. ಅಲ್ಲಿ ಬ್ಯಾಂಕಿನ ಹೆಸರು, ಅದರ ಟ್ಯಾನ್ ನಂಬರು, ಸೆಪ್ಟೆಂಬರ್‌ಗೆ 1,00,000, ಡಿಸೆಂಬರ್‌ಗೆ 30,000 ಕಾಣಬೇಕು. ಪ್ರತಿ ಸಾಲಿನಲ್ಲೂ ಸ್ಥಿತಿ ತೋರಿಸುವ ಒಂದು ಅಕ್ಷರ ಇರುತ್ತೆ. ಅದು `F` ಇದ್ದರೆ ಹಣ ಸರ್ಕಾರಕ್ಕೆ ಸೇರಿ ತಾಳೆಯಾಗಿದೆ ಅಂತ. `U` ಇದ್ದರೆ ಬ್ಯಾಂಕ್ ಕೊಟ್ಟ ಲೆಕ್ಕಕ್ಕೂ ಕಟ್ಟಿದ ಹಣಕ್ಕೂ ತಾಳೆ ಆಗಿಲ್ಲ. ಬ್ಯಾಂಕ್ ಮೂರು ತಿಂಗಳಿಗೊಮ್ಮೆ 27EQ ಅಂತ ಲೆಕ್ಕ ಸಲ್ಲಿಸುತ್ತೆ, ಸಲ್ಲಿಸಿದ ಮೇಲೆಯೇ ಇಲ್ಲಿ ಕಾಣೋದು. ಜನವರಿಯಿಂದ ಮಾರ್ಚ್‌ವರೆಗಿನದಕ್ಕೆ ಮೇ 15 ಕೊನೆಯ ದಿನ. ನಿಮ್ಮ ಎರಡೂ ಅದಕ್ಕಿಂತ ಹಿಂದಿನವು, ಆದ್ದರಿಂದ ಈಗ ಕಾಣಲೇಬೇಕು. ಕಾಣದಿದ್ದರೆ ಟಿಸಿಎಸ್ ಹಿಡಿದದ್ದಕ್ಕೆ ಕೊಡುವ 27D ಸರ್ಟಿಫಿಕೇಟನ್ನು ಬ್ಯಾಂಕಿನಿಂದ ಕೇಳಿ, ಅದರಲ್ಲಿ ಅಚ್ಚಾಗಿರುವ ಪ್ಯಾನ್ ಒಂದೊಂದೇ ಅಕ್ಷರ ಓದಿ.

ಇದನ್ನು ಒತ್ತಿ ಹೇಳಲು ಕಾರಣ ಇದೆ. 2024-25ರಲ್ಲಿ ನನ್ನ ಮಗ ಜರ್ಮನಿಗೆ ಹೊರಟಾಗ ಅಲ್ಲಿನ ಬ್ಲಾಕ್ಡ್ ಅಕೌಂಟ್‌ಗೆ ಸುಮಾರು 11 ಲಕ್ಷ ಕಳಿಸಿದೆವು. ಆಗ ಮಿತಿ 7 ಲಕ್ಷ ಇತ್ತು, 20 ಸಾವಿರದಷ್ಟು ಟಿಸಿಎಸ್ ಬಿತ್ತು. ದುಡ್ಡು ಅಮ್ಮನದು, ಮೊಮ್ಮಗನಿಗೆ ಅಂತ ಎಫ್‌ಡಿ ಮುರಿದು ಕೊಟ್ಟದ್ದು. ಖಾತೆ ಜಂಟಿ, ಮೊದಲ ಹೆಸರು ಅಮ್ಮನದು. ಕದ್ರಿಯ ಮನೆಗೆ ಫಾರಂ ತಂದು ಊಟದ ಮೇಜಿನ ಮೇಲೆ ಅಮ್ಮನ ಸಹಿ ಹಾಕಿಸಿದವನು ನಾನೇ. ಆದರೂ ರಿಟರ್ನ್ ಹಾಕುವ ಹೊತ್ತಿಗೆ ನನ್ನ 26AS ತೆರೆದು, ಎಲ್ಲಿ ಹೋಯ್ತು ಟಿಸಿಎಸ್ ಅಂತ ಎರಡು ದಿನ ಹುಡುಕಿದೆ! ಅದು ಅಮ್ಮನ ಪ್ಯಾನ್‌ನಲ್ಲಿ ಆರಾಮಾಗಿ ಕೂತಿತ್ತು. ಮಗ ದೊಡ್ಡವನು, ಅಮ್ಮ ಬೇರೆ ವ್ಯಕ್ತಿ, ನಾನು ಕ್ಲೇಮ್ ಮಾಡುವ ಹಾಗಿಲ್ಲ. 2025ರ ಜನವರಿಯಿಂದ ಬೇರೆಯವರ ಹೆಸರಿನ ಟಿಸಿಎಸ್ ತಗೊಳ್ಳಲು ಒಂದು ದಾರಿ ಮಾಡಿದ್ದಾರೆ, ಆದರೆ ಅದು ಅಪ್ರಾಪ್ತ ಮಕ್ಕಳ ಆದಾಯ ತಮ್ಮ ಆದಾಯಕ್ಕೆ ಸೇರುವ ಅಪ್ಪ ಅಮ್ಮಂದಿರಿಗೆ ಮಾತ್ರ. ಕಡೆಗೆ ಅಮ್ಮನ ಹೆಸರಲ್ಲೇ ರಿಟರ್ನ್ ಹಾಕಿದೆ. ಅವರ ಪೆನ್ಷನ್ನು, ಬಡ್ಡಿ ಸೇರಿ ತೆರಿಗೆ ಸೊನ್ನೆ. ಹಿಡಿದದ್ದು ಪೂರ್ತಿ ಅವರ ಖಾತೆಗೆ ಬಂತು. ಪೋರ್ಟಲ್‌ನಲ್ಲಿ ಅವರ ಬ್ಯಾಂಕ್ ಖಾತೆ ವ್ಯಾಲಿಡೇಟ್ ಮಾಡಿಸುವುದೇ ರಿಟರ್ನ್‌ಗಿಂತ ದೊಡ್ಡ ಕೆಲಸ ಆಯಿತು, ಆ ಖಾತೆಗೆ ಅವರ ಹಳೇ ಮೊಬೈಲ್ ನಂಬರು ಇತ್ತು.

ನಿಮ್ಮದು ನಿಮ್ಮದೇ ಖಾತೆ, ಹಾಗಾಗಿ ಸುಲಭ. ರಿಟರ್ನ್‌ನಲ್ಲಿ ಟಿಸಿಎಸ್ ಶೆಡ್ಯೂಲ್ ಸಾಮಾನ್ಯವಾಗಿ ತಾನೇ ತುಂಬಿ ಬರುತ್ತೆ. ಈ ವರ್ಷ ಕ್ಲೇಮ್ ಮಾಡುವ ಮೊತ್ತದ ಜಾಗದಲ್ಲಿ 1,30,000 ಇದೆಯಾ, ಸೊನ್ನೆ ಇದೆಯಾ, ನೋಡಿಯೇ ಮುಂದೆ ಹೋಗಿ. ಲೆಕ್ಕ ಹೀಗೆ ನಡೆಯುತ್ತೆ. ನಿಮ್ಮ ಸಂಬಳಕ್ಕೆ ವರ್ಷದ ತೆರಿಗೆ 1,62,000 ಅಂತ ಇಟ್ಟುಕೊಳ್ಳೋಣ, ಆಫೀಸಿನವರು ಅಷ್ಟನ್ನೂ ಟಿಡಿಎಸ್ ಹಿಡಿದಿದ್ದಾರೆ. ಆಗ 1,30,000 ಪೂರ್ತಿ ರಿಫಂಡ್. ಎಫ್‌ಡಿ ಬಡ್ಡಿಗೆ ಇನ್ನೂ 40,000 ತೆರಿಗೆ ಬಾಕಿ ಇದೆ ಅಂದರೆ ಅದು ಇದರಲ್ಲೇ ವಜಾ ಆಗಿ 90,000 ಕೈಗೆ ಬರುತ್ತೆ. ಸಂಬಳದವರಿಗೆ ಜುಲೈ 31 ಕೊನೆಯ ದಿನ. ಅದರೊಳಗೆ ಹಾಕಿದರೆ ರಿಫಂಡ್ ಮೇಲೆ ಏಪ್ರಿಲ್ 1ರಿಂದ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಸಿಗುತ್ತೆ. ಆ ಬಡ್ಡಿಗೂ ತೆರಿಗೆ ಇದೆ, ಮುಂದಿನ ವರ್ಷ ತೋರಿಸಬೇಕು.

26ASನಲ್ಲಿ ಕಾಣದ ಮೊತ್ತವನ್ನು ಕೈಯಲ್ಲಿ ತುಂಬಿ ಕ್ಲೇಮ್ ಮಾಡಬೇಡಿ. ರಿಟರ್ನ್‌ಗಳನ್ನು ಪರಿಶೀಲಿಸುವ ಬೆಂಗಳೂರಿನ ಸಿಪಿಸಿಯಲ್ಲಿ ಕಂಪ್ಯೂಟರ್ ತಾಳೆ ನೋಡಿ ಅದನ್ನು ತೆಗೆದುಹಾಕುತ್ತೆ, ಕೆಲವೊಮ್ಮೆ ಉಲ್ಟಾ ತೆರಿಗೆ ಬಾಕಿ ಅಂತ ನೋಟಿಸ್ ಬರುತ್ತೆ. ಆಮೇಲೆ ಬ್ಯಾಂಕ್ ತನ್ನ 27EQ ತಿದ್ದಬೇಕು, ನೀವು ರೆಕ್ಟಿಫಿಕೇಷನ್ ಹಾಕಬೇಕು, ತಿಂಗಳುಗಟ್ಟಲೆ ಎಳೆಯುತ್ತೆ. ಮೊದಲು ತಿದ್ದಿಸಿ ಆಮೇಲೆ ರಿಟರ್ನ್ ಹಾಕೋದೇ ವಾಸಿ. ಹಾಗೇ, ವರ್ಷದಲ್ಲಿ ಹದಿನಾರೂವರೆ ಲಕ್ಷ ಹೊರಗೆ ಹೋದದ್ದು ಇಲಾಖೆಗೂ ಕಾಣುತ್ತೆ. ಜಾಗ ಮಾರಿದ್ದೋ, ಪಿಎಫ್ ತೆಗೆದದ್ದೋ, ಹಣದ ಮೂಲದ ಕಾಗದ ಒಂದು ಕಡೆ ಇಟ್ಟಿರಿ.

ಇನ್ನು ಮುಂದಿನ ಸಲದ್ದು. 2026ರ ಏಪ್ರಿಲ್‌ನಿಂದ ಓದಿಗೆ ಕಳಿಸುವ ಹಣಕ್ಕೆ ದರ 2%ಗೆ ಇಳಿದಿದೆ, ಕುಟುಂಬ ನಿರ್ವಹಣೆಗೂ ಫಾರೆಕ್ಸ್ ಕಾರ್ಡ್‌ಗೂ 20% ಹಾಗೇ ಇದೆ, ಎರಡೂ 10 ಲಕ್ಷದ ಮೇಲೆ. ಶಿಕ್ಷಣ ಸಾಲದಿಂದಲೇ ಹೋಗುವ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್ ಇಲ್ಲವೇ ಇಲ್ಲ. ಅಂದರೆ ಈಗ ಅದೇ 5 ಲಕ್ಷಕ್ಕೆ ಒಂದು ಕೋಡ್‌ನಲ್ಲಿ 10 ಸಾವಿರ, ಇನ್ನೊಂದರಲ್ಲಿ 1 ಲಕ್ಷ. ಟಿಸಿಎಸ್ ಬಿದ್ದರೂ ಸಂಬಳದವರು ರಿಫಂಡ್‌ವರೆಗೆ ಕಾಯಬೇಕಿಲ್ಲ. ಆಫೀಸಿನ ಅಕೌಂಟ್ಸ್‌ಗೆ ಬರೆದು ಕೊಟ್ಟರೆ ಉಳಿದ ತಿಂಗಳ ಟಿಡಿಎಸ್‌ನಲ್ಲಿ ಅಷ್ಟನ್ನು ಕಡಿಮೆ ಹಿಡಿಯುತ್ತಾರೆ. ಕಳೆದ ವರ್ಷ ಅದಕ್ಕೆ 12BAA ಅಂತ ಫಾರಂ ಇತ್ತು. ನೀವು ಸೆಪ್ಟೆಂಬರ್‌ನಲ್ಲೇ ಕೊಟ್ಟಿದ್ದರೆ ಆ ಲಕ್ಷದಲ್ಲಿ ಸುಮಾರು ಪಾಲು ಮಾರ್ಚ್ ಒಳಗೆ ಸಂಬಳದಲ್ಲೇ ಬಂದಿರುತ್ತಿತ್ತು. ಕಳಿಸುವ ದಿನ ಮಗಳ ಅಡ್ಮಿಷನ್ ಲೆಟರ್, ಸ್ಟೂಡೆಂಟ್ ವೀಸಾದ ಪ್ರತಿ ಹಿಡಿದುಕೊಂಡು ಹೋಗಿ. ಎ2ಗೆ ಸಹಿ ಹಾಕುವ ಮೊದಲು ಕೌಂಟರ್‌ನವರಿಗೆ ಸ್ಕ್ರೀನ್ ಸ್ವಲ್ಪ ತಿರುಗಿಸಲು ಹೇಳಿ, `S0305` ಕಂಡ ಮೇಲೆ ಪೆನ್ನು ತೆಗೆಯಿರಿ.